ದಿನಚರಿ ಪುಸ್ತಕದ ಟೈಪಿಂಗ್ ದರದ ಬಗ್ಗೆ

ಸೋಮವಾರಪೇಟೆ
12 ಮೇ 2025

ಸರ್, ನಮಸ್ಕಾರ.

ನೀವು ವಿರಾಜಪೇಟೆಯಿಂದ ಕಳಿಸಿದ ಮೂರು ಪುಟಗಳ ಜೆರಾಕ್ಸ್ ಸಿಕ್ಕಿತು. ಕಾಫಿ ತೋಟದ ಹಳೇ ದಿನಚರಿ ಅಂದಾಗ ಬರೀ ಲೆಕ್ಕ ಇರಬಹುದು ಅಂದುಕೊಂಡಿದ್ದೆ. ಓದುತ್ತಾ ಕೂತರೆ ಎದ್ದೇಳೋಕೇ ಮನಸ್ಸಾಗಲಿಲ್ಲ.

ದರ ಹೀಗಿದೆ. ಅಕ್ಷರ ಬಿಡಿಸಿ ಓದಬಹುದಾದ ಪುಟಕ್ಕೆ 40 ರೂಪಾಯಿ. ಶಾಯಿ ಮಾಸಿದ, ಅಂಚಿನಲ್ಲಿ ಸೇರಿಸಿ ಬರೆದ ಪುಟಕ್ಕೆ 55. ಪುಟ ಅಂದರೆ ನೋಟ್‌ಬುಕ್ಕಿನದಲ್ಲ, ನಾನು ಟೈಪ್ ಮಾಡಿದ ಎ4 ಪುಟ, ಸುಮಾರು 250 ಪದ. ನಿಮ್ಮ ಮೂರು ಪುಟ ನನ್ನಲ್ಲಿ ಎರಡೇ ಆಯಿತು. ಆ ಲೆಕ್ಕದಲ್ಲಿ ಇಡೀ ದಿನಚರಿಯ 184 ಪುಟ ನನ್ನಲ್ಲಿ ಸುಮಾರು 123 ಆಗುತ್ತದೆ. ಅದರಲ್ಲಿ 33 ಕಷ್ಟದ ಪುಟ ಅಂತ ಇಟ್ಟುಕೊಂಡರೆ ಒಟ್ಟು 5,415 ರೂಪಾಯಿ. ತಿದ್ದುವ ಕೆಲಸಕ್ಕೆ ಬೇರೆ ದುಡ್ಡಿಲ್ಲ.

ಆ ತಿದ್ದುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಟೈಪ್ ಮಾಡಿದ ದಿನ ನಾನು ತಿದ್ದುವುದಿಲ್ಲ, ನಮ್ಮ ತಪ್ಪು ನಮಗೇ ಕಾಣಲ್ಲ. ಮಾರನೇ ದಿನ ಅತ್ತೆ ಮೂಲ ಹಿಡಿದು ಜೋರಾಗಿ ಓದುತ್ತಾರೆ, ನಾನು ಪ್ರಿಂಟ್ ಮೇಲೆ ಬೆರಳಿಟ್ಟು ನೋಡುತ್ತೇನೆ. ಅಂಕಿಗಳಿಗೆ ಇನ್ನೊಂದು ಸುತ್ತು. ಈ ದಿನಚರಿಯಲ್ಲಿ ದಿನಾ ಮಳೆ ಲೆಕ್ಕ ಇದೆ, ಇಂಚು, ಸೆಂಟು ಎಲ್ಲ ಕನ್ನಡ ಅಂಕಿಯಲ್ಲಿ. ದಿನಚರಿ ಬರೆದವರ ೬ ಮತ್ತು ೯ ಎರಡೂ ಒಂದೇ ಥರ ಸುರುಳಿ. 60 ಸೆಂಟು 90 ಆದರೆ ಓದುಗರಿಗೆ ಗೊತ್ತಾಗಲ್ಲ, ಆದರೆ ತೋಟದವರಿಗೆ ಗೊತ್ತಾಗುತ್ತದೆ. ಹಿಂದೊಮ್ಮೆ ಒಂದು ಮನೆಯ ಲೆಕ್ಕಪುಸ್ತಕದಲ್ಲಿ ನಾನೇ ಹೀಗೆ ಎಡವಿ, ಇಡೀ ಅಧ್ಯಾಯ ಮತ್ತೆ ಕೂತು ನೋಡಿದ್ದೆ. ಅನುಮಾನ ಬಂದ ಪದವನ್ನು ಊಹಿಸಿ ತುಂಬುವುದಿಲ್ಲ. ಹಳದಿ ಬಣ್ಣ ಹಚ್ಚಿ, ಮೂಲದ ಪುಟಸಂಖ್ಯೆ ಬರೆದು ಕಳಿಸುತ್ತೇನೆ.

ಕೊಡವ ತಕ್ಕ್ ಪದಗಳನ್ನು ಅವರು ಬರೆದ ಹಾಗೇ ಬಿಡುತ್ತೇನೆ. ಎರಡನೇ ಪುಟದಲ್ಲೇ ‘ಕೈಲ್ ಪೊಳ್ದ್’ ಇದೆ. ಅದಕ್ಕೆ ‘ನ’ ಸೇರಿಸಿದರೆ ಕಂಪ್ಯೂಟರ್ ಸುಮ್ನೆ ಒತ್ತಕ್ಷರ ಮಾಡಿಬಿಡುತ್ತದೆ, ಅಂಥ ಕಡೆ ಕೈಯಲ್ಲೇ ಬಿಡಿಸಬೇಕು. ಅಂದಹಾಗೆ, ನಾನು ಯೂನಿಕೋಡ್‌ನಲ್ಲಿ ಕೊಡುತ್ತೇನೆ. ನಿಮ್ಮ ಪ್ರೆಸ್ಸಿನವರು ಹಳೇ ನುಡಿ ಫಾಂಟ್ ಕೇಳಿದರೆ ಈಗಲೇ ಹೇಳಿ. ಬದಲಾಯಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಆಮೇಲೆ ಮತ್ತೊಮ್ಮೆ ಓದಲೇಬೇಕು. ಅದಕ್ಕೆ ಪುಟಕ್ಕೆ 5 ರೂಪಾಯಿ ಸೇರುತ್ತದೆ.

ನಾನು ಕೊಟ್ಟ ಮೇಲೆ ಒಂದು ಪುಟದಲ್ಲಿ ಮೂರಕ್ಕಿಂತ ಜಾಸ್ತಿ ತಪ್ಪು ಸಿಕ್ಕರೆ ಆ ಪುಟಕ್ಕೆ ದುಡ್ಡು ಬೇಡ, ತಿದ್ದಿಯೂ ಕೊಡುತ್ತೇನೆ. ಲೇಖಕರ ಮನೆಯವರು ಆಮೇಲೆ ಮಾತು ಬದಲಾಯಿಸಿದರೆ ಅದು ನನ್ನ ತಪ್ಪಿನಲ್ಲಿ ಬರಲ್ಲ ಅಲ್ವಾ?

ಮುಂಗಡ 1,500 ಕೊಟ್ಟರೆ ಸಾಕು. ಐದು ವಾರ ಬೇಕು. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟ್ ಎರಡೆರಡು ದಿನ ಇರಲ್ಲ, ಅದಕ್ಕೇ ಒಂದು ವಾರ ಸೇರಿಸಿ ಹೇಳಿದ್ದೇನೆ. ಮೂಲ ನೋಟ್‌ಬುಕ್ ಮಾತ್ರ ಬಸ್ಸಿನಲ್ಲಿ ಕೊಟ್ಟು ಕಳಿಸಬೇಡಿ. ಸ್ಕ್ಯಾನ್ ಸಾಕು. ಓದಲಾಗದ ಪುಟಗಳಿಗೆ ನಾನೇ ಬಂದು ನೋಡುತ್ತೇನೆ.

ಮಾದರಿಗೆ ಟೈಪ್ ಮಾಡಿದ ಎರಡು ಪುಟ ಇದರ ಜೊತೆ ಇಟ್ಟಿದ್ದೇನೆ. ಹಳದಿ ಹಚ್ಚಿದ ನಾಲ್ಕು ಪದ ಏನಂತ ಅವರ ಮನೆಯಲ್ಲಿ ಕೇಳಿ ತಿಳಿಸಿ.

ಇಂತಿ,
ಸವಿತಾ