ವಿನೋಬನಗರದ ಮನೆ ಬಾಡಿಗೆ: ಬ್ಯಾಂಕ್ ಖಾತೆ ಬದಲಾವಣೆ

ಮೇಗರವಳ್ಳಿ, ತೀರ್ಥಹಳ್ಳಿ ತಾಲ್ಲೂಕು
13 ಜುಲೈ 2026

ಶ್ರೀ ಮಂಜುನಾಥ ಅವರಿಗೆ,
ಮೊದಲ ಮಹಡಿ, ವಿನೋಬನಗರ, ಶಿವಮೊಗ್ಗ

ಮಂಜುನಾಥ ಅವರೇ,

ನೀವು, ಪವಿತ್ರಾ, ಮಗು ಎಲ್ಲ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಮಳೆ ಬಿಟ್ಟಿಲ್ಲ. ಒಂದೆರಡು ದಿನ ಹೊಳವಾದರೆ ತೋಟಕ್ಕೆ ಎರಡನೇ ಔಷಧಿ ಹೊಡೆಯಬೇಕು ಅಂತ ಕಾಯುತ್ತಾ ಕೂತಿದ್ದೇವೆ.

ವಿಷಯ ಇಷ್ಟು. ಆಗಸ್ಟ್ ತಿಂಗಳ ಬಾಡಿಗೆಯಿಂದ, ಅಂದರೆ ಸೆಪ್ಟೆಂಬರ್ 5ರೊಳಗೆ ನೀವು ಕಟ್ಟುವ 11,500 ರೂಪಾಯಿಯಿಂದ, ಹಣ ಹಾಕುವ ಬ್ಯಾಂಕ್ ಖಾತೆ ಬದಲಾಗುತ್ತದೆ. ಜುಲೈ ಬಾಡಿಗೆ ಎಂದಿನಂತೆ ಹಳೇ ಖಾತೆಗೇ ಹಾಕಿ. ಆದರೆ ಈ ಪತ್ರ ಕೈಗೆ ಬಂದ ಮಾತ್ರಕ್ಕೆ ಹೊಸ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮೊದಲು ಇದು ನಾನೇ ಬರೆದದ್ದಾ ಅಂತ ಖಾತ್ರಿ ಮಾಡಿಕೊಳ್ಳಿ. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಖಾತೆ ಬದಲಾವಣೆ ಅಂದ ತಕ್ಷಣ ಮನೆ ಮಾರಿಬಿಟ್ಟರಾ ಅಂತ ಗಾಬರಿ ಆಗಬೇಡಿ. ನಮ್ಮ ಕಡೆ ಆ ಮಾತಿಗೆ ಮಹಾನಗರ ಪಾಲಿಕೆಯ ಖಾತೆ ಅಂತಲೇ ಅರ್ಥ ಅಲ್ವಾ! ಮನೆ ನಮ್ಮದೇ. ನೀವು ಈವರೆಗೆ ಬಾಡಿಗೆ ಹಾಕುತ್ತಿದ್ದದ್ದು ನನ್ನ ಮತ್ತು ಅಣ್ಣನ ಜಂಟಿ ಖಾತೆಗೆ. ಮೇ ತಿಂಗಳಲ್ಲಿ ನಮ್ಮ ಮನೆಯ ಪಾಲುಪಟ್ಟಿ ನೋಂದಣಿ ಆಯಿತು. ತೋಟ, ಗದ್ದೆ, ಪೇಟೆಯ ಮನೆ ಎಲ್ಲ ಹಂಚಿಕೆಯಾಗಿ ವಿನೋಬನಗರದ ಮನೆ ನನ್ನ ಪಾಲಿಗೆ ಬಂತು. ಜಗಳ ಏನೂ ಇಲ್ಲ. ಲೆಕ್ಕ ಬೇರೆ ಬೇರೆ ಇರಲಿ ಅಂತ ಜಂಟಿ ಖಾತೆಯನ್ನು ಮುಚ್ಚುತ್ತಿದ್ದೇವೆ, ಅಷ್ಟೇ. ಇದಕ್ಕೆ ಅಣ್ಣನ ಒಪ್ಪಿಗೆ ಇದೆ ಅಂತ ತೋರಿಸಲು ಅವರ ಸಹಿಯನ್ನೂ ಕೆಳಗೆ ಹಾಕಿಸಿದ್ದೇನೆ. ನಾಳೆ ಯಾರೂ ನಿಮ್ಮನ್ನು "ನನ್ನ ಬಾಡಿಗೆ ಎಲ್ಲಿ" ಅಂತ ಕೇಳುವಂತೆ ಆಗಬಾರದು.

ಹೊಸ ಖಾತೆ ಇದು:

ಹೆಸರು: ನಾಗರಾಜ ಕೆ. ಎಸ್. (ನನ್ನೊಬ್ಬನದೇ, ತೆರೆಯ ಮೇಲೆ NAGARAJA K S ಅಂತ ಬರುತ್ತದೆ)
ಬ್ಯಾಂಕ್: ಕೆನರಾ ಬ್ಯಾಂಕ್, ತೀರ್ಥಹಳ್ಳಿ ಶಾಖೆ
ಬಗೆ: ಉಳಿತಾಯ ಖಾತೆ
ನಂಬರಿನ ಕೊನೆಯ ನಾಲ್ಕು ಅಂಕಿ: 4417

ಪೂರ್ತಿ ನಂಬರ್ ಮತ್ತು ಐಎಫ್‌ಎಸ್‌ಸಿ ಕೋಡ್ ಇಲ್ಲಿ ಬರೆದಿಲ್ಲ. ನನ್ನ ಕೈಬರಹದ ಒಂದು 1 ನಿಮಗೆ 7 ಆಗಿ ಕಂಡರೆ ಕಷ್ಟ. ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಪಿನ್ ಮಾಡಿದ್ದೇನೆ, ಅದರಲ್ಲಿ ಅಚ್ಚಾಗಿರುವುದನ್ನೇ ನೋಡಿಕೊಳ್ಳಿ.

ಇನ್ನು ಖಾತ್ರಿಯ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದಾನೆ. ಹೋದ ವರ್ಷ ಅವನ ಮನೆ ಓನರ್ ವಾಟ್ಸಾಪ್‌ನಿಂದ "ಖಾತೆ ಬದಲಾಗಿದೆ, ಇವತ್ತೇ ಹಾಕಿ" ಅಂತ ಮೆಸೇಜ್ ಬಂತು. ನಂಬರ್ ಅವರದ್ದೇ, ಫೋಟೋನೂ ಅವರದ್ದೇ. ಹುಡುಗ 18,000 ರೂಪಾಯಿ ಹಾಕಿಬಿಟ್ಟ. ಓನರ್ ವಾಟ್ಸಾಪ್ ಬೇರೆಯವರ ಕೈಗೆ ಸಿಕ್ಕಿದ್ದು ಆಮೇಲೆ ಗೊತ್ತಾಯಿತು. ಹಣ ಹೋದದ್ದು ಹೋಯಿತು. ಓನರ್ "ನನಗೆ ಬಂದಿಲ್ಲ" ಅಂದರು, ಅದೂ ನಿಜವೇ. ಇವನು ಎರಡನೇ ಸಲ ಬಾಡಿಗೆ ಕಟ್ಟಬೇಕಾಯಿತು. ಅವತ್ತಿನಿಂದ ನನಗೆ ಇದೊಂದು ಹೆದರಿಕೆ ಹತ್ತಿಕೊಂಡಿದೆ.

ಹಾಗಾಗಿ ನೀವು ಹೀಗೆ ಮಾಡಿ. ನಾನು ನಿಮಗೆ ಫೋನ್ ಮಾಡುವುದಿಲ್ಲ, ನೀವೇ ನನಗೆ ಮಾಡಬೇಕು. ಅದೂ ಈ ಪತ್ರ ನೋಡಿ ಅಲ್ಲ, ಬಾಡಿಗೆ ಕರಾರಿನ ಎರಡನೇ ಪುಟ ನೋಡಿ. ಅಲ್ಲಿ ನನ್ನ ಮನೆಯ ಲ್ಯಾಂಡ್‌ಲೈನ್ ನಂಬರ್ ಇದೆ, ಕೊನೆಯಲ್ಲಿ 36 ಬರುತ್ತದೆ. ಬೇಕೆಂದೇ ಈ ಪತ್ರದಲ್ಲಿ ಪೂರ್ತಿ ನಂಬರ್ ಕೊಟ್ಟಿಲ್ಲ. ಪತ್ರವನ್ನೇ ಯಾರಾದರೂ ಸುಳ್ಳು ಮಾಡಿದ್ದರೆ ಅದರಲ್ಲಿರುವ ನಂಬರೂ ಅವರದ್ದೇ ಆಗಿರುತ್ತದೆ ಅಲ್ವಾ? ಮೊಬೈಲ್‌ಗಿಂತ ಲ್ಯಾಂಡ್‌ಲೈನೇ ವಾಸಿ. ಈ ಮಳೆಯಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಮೊಬೈಲ್ ಹಿಡಿದು ದರೆ ಹತ್ತಬೇಕು. ಬೆಳಿಗ್ಗೆ 7ರಿಂದ 8ರವರೆಗೆ, ಇಲ್ಲವೇ ಸಂಜೆ 7ರ ಮೇಲೆ ಮಾಡಿದರೆ ನಾನು ಸಿಗುತ್ತೇನೆ.

ಫೋನ್‌ನಲ್ಲಿ ಮೊದಲು ಒಂದು ಪ್ರಶ್ನೆ ಕೇಳಿ: ನೀವು ಮನೆಗೆ ಬಂದ ದಿನ ಬೀಗದ ಕೈ ಜೊತೆ ನಾನು ಇನ್ನೇನು ಕೊಟ್ಟಿದ್ದೆ? ಅದು ನಮಗಿಬ್ಬರಿಗೆ ಮತ್ತು ಪವಿತ್ರಾ ಅವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. (ಪವಿತ್ರಾ ನಕ್ಕಿದ್ದು ನನಗೆ ಇನ್ನೂ ನೆನಪಿದೆ.) ಆಮೇಲೆ ಜೆರಾಕ್ಸ್ ಕೈಯಲ್ಲಿ ಹಿಡಿದುಕೊಳ್ಳಿ. ಖಾತೆ ನಂಬರ್ ನೀವು ಓದಬೇಡಿ, ನಾನು ಪಾಸ್‌ಬುಕ್ ನೋಡಿ ಒಂದೊಂದೇ ಅಂಕಿ ಓದುತ್ತೇನೆ, ನೀವು ತಾಳೆ ನೋಡಿ. ನೀವೇ ಓದಿದರೆ ಎಂಥ ಕಳ್ಳನೂ "ಹೌದು, ಅದೇ" ಅನ್ನುತ್ತಾನೆ.

ಇಷ್ಟಾದ ಮೇಲೆ ಒಂದು ಸಣ್ಣ ಪರೀಕ್ಷೆ. 10ರಿಂದ 99 ರೂಪಾಯಿ ಒಳಗೆ ನಿಮಗೆ ತೋಚಿದ ಮೊತ್ತ, 37 ಅಂತಲೋ 62 ಅಂತಲೋ, ಹೊಸ ಖಾತೆಗೆ ಹಾಕಿ. ಎಷ್ಟು ಅಂತ ನನಗೆ ಹೇಳಬೇಡಿ. ಮರುದಿನ ಮತ್ತೆ ಅದೇ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ. ಎಷ್ಟು ಬಂತು ಅಂತ ನಾನು ಹೇಳಬೇಕು. ಪೈಸೆ ಲೆಕ್ಕ ಸರಿಯಾಗಿ ಹೇಳಿದರೆ ಖಾತೆ ನನ್ನದು. ಆ ಹಣವನ್ನು ಬಾಡಿಗೆಯಲ್ಲಿ ಕಳೆದುಕೊಂಡು ಉಳಿದದ್ದು ಹಾಕಿ.

ಹಣ ಹಾಕುವ ಮುಂಚೆ ಬ್ಯಾಂಕಿನ ಆಪ್ ಖಾತೆದಾರರ ಹೆಸರು ತೋರಿಸುತ್ತದೆ. ಯುಪಿಐನಲ್ಲಿ ಮೊದಲೇ ಇತ್ತು, 2025ರಿಂದ ಎನ್‌ಇಎಫ್‌ಟಿಯಲ್ಲೂ ಬಂದಿದೆ. ಅದನ್ನು ತಪ್ಪದೆ ನೋಡಿ. ಹೆಸರು ಬೇರೆ ಬಂದರೆ ಅಲ್ಲೇ ನಿಲ್ಲಿಸಿ. ಆದರೆ ಹೆಸರು ಹೊಂದಿತು ಅಂತ ಫೋನ್ ಮಾಡುವುದನ್ನು ಬಿಡಬೇಡಿ. ನಾಗರಾಜ ಅನ್ನುವ ಹೆಸರಿನವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ! ಇನ್ನೊಂದು, ಹಣ ಹೋಗುವುದು ನಂಬರ್ ನೋಡಿ, ನೀವು ಹೆಸರಿನ ಜಾಗದಲ್ಲಿ ಟೈಪ್ ಮಾಡಿದ್ದನ್ನು ನೋಡಿ ಅಲ್ಲ. ಒಂದು ಅಂಕಿ ತಪ್ಪಿದರೂ ಬೇರೆಯವರ ಖಾತೆಗೆ ಹೋಗಬಹುದು.

ಲ್ಯಾಂಡ್‌ಲೈನೂ ಸಿಗದಿದ್ದರೆ? ಮರ ಬಿದ್ದು ತಂತಿ ಹರಿದರೆ ನಾಲ್ಕು ದಿನ ಅದೂ ಇಲ್ಲ. ಆಗ ತಿಲಕ್‌ನಗರದಲ್ಲಿ ಅಣ್ಣನ ಮನೆಗೆ ಹೋಗಿ. ಪಂಪ್ ಕೆಟ್ಟಾಗ ಬಂದಿದ್ದರಲ್ಲ, ಮುಖ ನಿಮಗೆ ಗೊತ್ತು. ಪಾಸ್‌ಬುಕ್ಕಿನ ಇನ್ನೊಂದು ಜೆರಾಕ್ಸ್ ಅವರ ಹತ್ತಿರ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದೂ ಆಗದಿದ್ದರೆ ಸುಮ್ನೆ ಹಳೇ ಖಾತೆಗೇ ಹಾಕಿ, ಅಡ್ಡಿ ಇಲ್ಲ. ಹಳೇ ಖಾತೆಯನ್ನು ಅಕ್ಟೋಬರ್ 31ರವರೆಗೆ ತೆರೆದೇ ಇಡುತ್ತೇವೆ. ಅದಕ್ಕೆ ಬಂದರೂ ಬಾಡಿಗೆ ಕಟ್ಟಿದ ಹಾಗೇ ಲೆಕ್ಕ. ಖಾತ್ರಿ ಮಾಡಿಕೊಳ್ಳಲು ತಡವಾಗಿ ಬಾಡಿಗೆ 5ನೇ ತಾರೀಕು ದಾಟಿದರೂ ನಾನು ಏನೂ ಅನ್ನುವುದಿಲ್ಲ. ನನಗೆ ಅವಸರ ಇಲ್ಲ. ನನ್ನ ಹೆಸರಿನಲ್ಲಿ ಯಾರಾದರೂ "ಇವತ್ತೇ ಹಾಕಿ, ಈಗಲೇ ಹಾಕಿ" ಅಂದರೆ ಅದು ನಾನಲ್ಲ.

ನಾನು ಲಿಂಕ್ ಕಳಿಸುವುದಿಲ್ಲ, ಕ್ಯೂಆರ್ ಕೋಡ್ ಕಳಿಸುವುದಿಲ್ಲ, ಒಟಿಪಿ ಕೇಳುವುದಿಲ್ಲ. ವಾಟ್ಸಾಪ್‌ನಲ್ಲಿ ಖಾತೆ ವಿಷಯ ಮಾತಾಡುವುದೇ ಇಲ್ಲ. ಈ ಪತ್ರದ ನಂತರ "ಮತ್ತೆ ಬದಲಾಯಿತು" ಅಂತ ಏನಾದರೂ ಬಂದರೆ, ಮತ್ತೆ ಕರಾರು ಪತ್ರ ತೆಗೆದು ಮೊದಲಿನಿಂದ ಎಲ್ಲ ಮಾಡಿ. ಅಪ್ಪಿತಪ್ಪಿ ಹಣ ಬೇರೆ ಕಡೆ ಹೋಯಿತು ಅನ್ನಿಸಿದರೆ ನನಗೂ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ಹೇಳಿ. ಅಲ್ಲಿ ಎಷ್ಟು ಬೇಗ ಹೇಳುತ್ತೇವೋ ಹಣ ತಡೆಯಲು ಅಷ್ಟು ಅವಕಾಶ. ಅಕ್ಕನ ಮಗ ಒಂದು ದಿನ ತಡ ಮಾಡಿದ್ದ.

ನೀವು ಪ್ರತಿ ತಿಂಗಳು ತಾನಾಗೇ ಹಣ ಹೋಗುವಂತೆ ಬ್ಯಾಂಕಿನಲ್ಲಿ ಹಾಕಿಟ್ಟಿದ್ದೀರಿ ಅಂತ ಒಮ್ಮೆ ಹೇಳಿದ್ದಿರಿ. ಅದನ್ನು ಮರೆಯಬೇಡಿ. ಖಾತ್ರಿ ಆದ ಮೇಲೆ ಹಳೆಯದನ್ನು ನಿಲ್ಲಿಸಿ ಹೊಸದು ಹಾಕಿ, ಇಲ್ಲದಿದ್ದರೆ ಎರಡು ಕಡೆಗೂ ಹೋಗುತ್ತದೆ. ಕೆಲವು ಬ್ಯಾಂಕ್‌ಗಳಲ್ಲಿ ಹೊಸ ಖಾತೆ ಸೇರಿಸಿದ ಮೊದಲ ದಿನ ಜಾಸ್ತಿ ಹಣ ಕಳಿಸಲು ಬಿಡುವುದಿಲ್ಲ. ಹಾಗಾಗಿ 4ನೇ ತಾರೀಕು ರಾತ್ರಿ ಕೂತು ಮಾಡಬೇಡಿ.

ಬೇರೆ ಏನೂ ಬದಲಾಗಿಲ್ಲ. ಬಾಡಿಗೆ ಅಷ್ಟೇ, ಕರಾರು ಅದೇ. ನಿಮ್ಮ 60,000 ರೂಪಾಯಿ ಅಡ್ವಾನ್ಸ್‌ಗೆ ಪಾಲಿನ ನಂತರವೂ ನಾನೇ ಜವಾಬ್ದಾರಿ, ಮನೆ ಬಿಡುವಾಗ ನನ್ನಿಂದಲೇ ಬರುತ್ತದೆ. ಆಫೀಸಿಗೆ ಎಚ್‌ಆರ್‌ಎ ರಸೀದಿ ಕೊಡುವಾಗ ವರ್ಷದ ಬಾಡಿಗೆ ಲಕ್ಷ ದಾಟುವುದರಿಂದ ನನ್ನ ಪ್ಯಾನ್ ಕೇಳುತ್ತಾರಲ್ಲ, ಅದೂ ಹೋದ ವರ್ಷ ಕೊಟ್ಟದ್ದೇ. ಈ ವರ್ಷ ಎರಡು ಖಾತೆ ಯಾಕೆ ಅಂತ ಕೇಳಿದರೆ ಈ ಪತ್ರ ತೋರಿಸಿ. ಅದಕ್ಕಾಗಿಯೇ ಇದನ್ನು ಎತ್ತಿಟ್ಟುಕೊಳ್ಳಿ.

ಎರಡು ಪ್ರತಿ ಕಳಿಸಿದ್ದೇನೆ. ಖಾತ್ರಿ ಆದ ಮೇಲೆ ಒಂದರ ಮೇಲೆ "ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ" ಅಂತ ತಾರೀಕು ಹಾಕಿ ಸಹಿ ಮಾಡಿ ಅಣ್ಣನ ಮನೆಯಲ್ಲಿ ಕೊಡಿ. ನಾನು ಪೇಟೆಗೆ ಬಂದಾಗ ತಗೊಳ್ಳುತ್ತೇನೆ. ಇಲ್ಲಿ ಹಾಕಿರುವ ನನ್ನ ಸಹಿಯನ್ನೂ ಕರಾರಿನ ಸಹಿ ಜೊತೆ ಒಮ್ಮೆ ಹೋಲಿಸಿ ನೋಡಿ. ಕೈ ಸ್ವಲ್ಪ ನಡುಗುತ್ತದೆ, ಆದರೆ ಕೊನೆಯ ಸುರುಳಿ ಹಾಗೇ ಇದೆ.

ಇಂತಿ,

ನಾಗರಾಜ ಕೆ. ಎಸ್. (ಸಹಿ)
ಮನೆ ಮಾಲೀಕ

ಬಾಡಿಗೆ ಹಣ ಹೊಸ ಖಾತೆಗೆ ಹೋಗಲು ನನ್ನ ಒಪ್ಪಿಗೆ ಇದೆ:
ಶ್ರೀಧರ ಕೆ. ಎಸ್. (ಸಹಿ)
ಹಳೇ ಜಂಟಿ ಖಾತೆದಾರ, ತಿಲಕ್‌ನಗರ, ಶಿವಮೊಗ್ಗ

ಜೊತೆಗೆ: ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್, ಪತ್ರದ ಇನ್ನೊಂದು ಪ್ರತಿ. ಸ್ಪೀಡ್ ಪೋಸ್ಟ್ ಮೂಲಕ.

ಮರೆತಿದ್ದೆ: ಹಿಂದಿನ ರೂಮಿನ ಗೋಡೆ ಈ ಮಳೆಗೂ ಶೀತ ಹಿಡಿದಿದೆಯಾ? ಫೋನ್ ಮಾಡಿದಾಗ ಅದನ್ನೂ ಹೇಳಿ.