ಸಹನಾಳ ಕೆರೆ ಪ್ರಬಂಧಕ್ಕೆ ಟಿಪ್ಪಣಿ

ಧಾರವಾಡ
12-11-2025

ಪ್ರೀತಿಯ ಸಹನಾ,

‘ನಮ್ಮೂರ ಕೆರೆಗಳು’ ಪ್ರಬಂಧವನ್ನು ಎರಡು ಸಲ ಓದಿದೆ. ಮೊದಲ ಸಲ ದಾರಿ ತಪ್ಪಿತು. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದಾಗ, ನೀನು ಎಷ್ಟೆಲ್ಲ ಗಮನಿಸಿದ್ದೀ ಎಂಬುದು ಕಂಡಿತು. ಅಂಕ ಕಡಿಮೆ ಆಗಿದ್ದು ವಿಚಾರಕ್ಕಲ್ಲ, ಜೋಡಣೆಗೆ. ನಿನಗೆ ಹೊಳೆದ ಕ್ರಮದಲ್ಲೇ ಬರೆದುಬಿಟ್ಟಿದ್ದೀ; ಓದುವವರಿಗೆ ಬೇಕಾದ ಕ್ರಮ ಬೇರೆ.

ಎರಡನೆಯ ಪ್ಯಾರಾದ ನಡುವೆ ಒಂದು ಮಾತಿದೆ: ‘ಮನೆಗೆ ಮಲಪ್ರಭಾ ನಳ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು.’ ಇಡೀ ಪ್ರಬಂಧದ ಬೇರು ಇದೇ. ತರಗತಿಯಲ್ಲಿ ಬೇರೆ ಯಾರೂ ಇದನ್ನು ಬರೆದಿಲ್ಲ. ಆದರೆ ಅದರ ಹಿಂದೆ ಅಂತರಗಂಗೆ, ಮುಂದೆ ಗಣಪತಿ ವಿಸರ್ಜನೆ ಇದ್ದು, ಈ ವಾಕ್ಯ ಸಂತೆಯಲ್ಲಿ ನಿಂತ ಕೂಸಿನ ಹಾಗಾಗಿದೆ. ಪೀಠಿಕೆಯಲ್ಲಿ ‘ನೀರೇ ಜೀವ’ ಎಂದು ಮೂರು ವಾಕ್ಯ ಖರ್ಚು ಮಾಡಿದ್ದೀಯಲ್ಲ, ಅವನ್ನು ಹೊಡೆದುಹಾಕಿ ಈ ಮಾತನ್ನು ಅಲ್ಲಿಗೆ ತಾ. ಕೆಲಗೇರಿ ಕೆರೆಯಲ್ಲಿ ಅಜ್ಜಿ ಬಟ್ಟೆ ಒಗೆಯುತ್ತಿದ್ದ ಎರಡು ವಾಕ್ಯ ಅದಕ್ಕಿಂತ ಮೊದಲು ಬರಲಿ.

ಇನ್ನು ದೊಡ್ಡ ತೊಂದರೆ. ಮೂರನೆಯ ಪ್ಯಾರಾದಲ್ಲಿ ‘ಅಂತರಗಂಗೆ ಬೆಳೆದು ಮೀನು ಸಾಯುತ್ತವೆ, ಅದನ್ನು ತೆಗೆಸಬೇಕು’ ಎಂದಿದ್ದೀ. ಐದನೆಯದರಲ್ಲಿ ‘ಗಟಾರದ ನೀರು ಸೇರಿ ಅಂತರಗಂಗೆ ಬೆಳೆಯುತ್ತದೆ’ ಎಂದು ಬರೆದಿದ್ದೀ. ಎರಡೂ ಸರಿ. ಆದರೆ ಪರಿಣಾಮ ಮೊದಲು, ಕಾರಣ ಆಮೇಲೆ ಬಂದಿದ್ದರಿಂದ ನಿನ್ನ ಉಪಾಯ ಸುಳ್ಳಾಗಿ ಕಾಣುತ್ತದೆ. ಗಟಾರ ಹರಿಯುತ್ತಲೇ ಇದ್ದರೆ ಕಿತ್ತ ಅಂತರಗಂಗೆ ಮತ್ತೆ ಹಬ್ಬುತ್ತದೆ ಅಲ್ಲವೇ? ಸರಿಯಾದ ಸರಪಳಿ ಹೀಗೆ: ಗಟಾರದ ನೀರು ಕೆರೆಗೆ ಬರುತ್ತದೆ, ಅದರಲ್ಲಿನ ಪೋಷಕಾಂಶ ಉಂಡು ಕಳೆ ಹಬ್ಬುತ್ತದೆ, ಕಳೆ ಮುಚ್ಚಿದ ನೀರಿಗೆ ಬಿಸಿಲು ಇಳಿಯುವುದಿಲ್ಲ, ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಸಾಯುತ್ತವೆ. ಈ ಕ್ರಮದಲ್ಲಿ ಬರೆದರೆ ‘ಮೊದಲು ಗಟಾರ ತಿರುಗಿಸಬೇಕು, ಆಮೇಲೆ ಕಳೆ ತೆಗೆಯಬೇಕು’ ಎಂಬ ಉಪಾಯ ತಾನಾಗಿಯೇ ಹೊರಬೀಳುತ್ತದೆ. ಕ್ರಮ ಎನ್ನುವುದು ಬರೀ ಅಂದಕ್ಕಲ್ಲ, ನೋಡು.

ಈಗ ಮಾಡಬೇಕಾದ ಕೆಲಸ. ಹೊಸದಾಗಿ ಏನೂ ಯೋಚಿಸಬೇಡ. ಇದೇ ಹಾಳಿಯಲ್ಲಿ 31 ವಾಕ್ಯಗಳಿವೆ. ಪ್ರತಿ ವಾಕ್ಯದ ಮಗ್ಗಲಿಗೆ ಪೆನ್ಸಿಲಿನಿಂದ ಒಂದು ಗುರುತು ಹಾಕು: ಹಿಂದಿನ ಸ್ಥಿತಿಗೆ ‘ಹಿ’, ಕಾರಣಕ್ಕೆ ‘ಕಾ’, ಪರಿಣಾಮಕ್ಕೆ ‘ಪ’, ಉಪಾಯಕ್ಕೆ ‘ಉ’. ಎರಡನೆಯ ಪ್ಯಾರಾಕ್ಕೆ ನಾನೇ ಹಾಕಿದ್ದೇನೆ. ಪ, ಹಿ, ಕಾ, ಉ, ಹಿ ಎಂದು ಬಂದಿದೆ. ಒಂದು ಪ್ಯಾರಾದಲ್ಲಿ ಒಂದೇ ಗುರುತು ಇರಬೇಕು, ಹೆಚ್ಚೆಂದರೆ ಎರಡು. ಆಮೇಲೆ ಒಂದೇ ಗುರುತಿನವನ್ನು ಒಟ್ಟು ಮಾಡಿ ಬರಿ. ‘ಹಿ’ ಪೀಠಿಕೆಗೆ, ನಾಲ್ಕು ವಾಕ್ಯ ಸಾಕು. ಕಾರಣಕ್ಕೆ ಆರು, ಪರಿಣಾಮಕ್ಕೆ ಆರು, ಉಪಾಯಕ್ಕೆ ಐದು, ಉಪಸಂಹಾರಕ್ಕೆ ಮೂರು. ಏಳು ವಾಕ್ಯ ಉಳಿಯುತ್ತವೆ. ಅವುಗಳಲ್ಲಿ ‘ನೀರೇ ಜೀವ’ದ ಮೂರು ಹೋದವು. ಉಳಿದ ನಾಲ್ಕು ಅಂತರಗಂಗೆಯ ಬಗ್ಗೆ ಹೇಳಿದ್ದನ್ನೇ ಮತ್ತೆ ಹೇಳುತ್ತವೆ. ಬಿಡಲು ಮನಸ್ಸು ಬರದಿದ್ದರೂ ಬಿಡು.

ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ ಹೊಸದಾಗಿ ಬರೆಯಬಹುದು. ‘ಕೆರೆ ಕೆಡಲು ಮೊದಲ ಕಾರಣ ಗಟಾರ’ ಎಂಬಷ್ಟು ನೇರವಾಗಿರಲಿ. ಬರೆದಾದ ಮೇಲೆ ಆ ಮೊದಲ ವಾಕ್ಯಗಳನ್ನಷ್ಟೇ ಓದಿ ನೋಡು. ಪ್ರಬಂಧದ ಕಥೆ ತಿಳಿಯಬೇಕು.

‘ಅದೇ ರೀತಿ’ ಏಳು ಸಲ ಬಂದಿದೆ. ಎರಡು ವಿಷಯ ಒಂದೇ ಥರ ಇದ್ದಾಗ ಮಾತ್ರ ಅದು ಸಲ್ಲುತ್ತದೆ. ನಿನಗೆ ಬೇಕಾದದ್ದು ನಾಲ್ಕು ಕಡೆ ‘ಇದರಿಂದ’, ಎರಡು ಕಡೆ ‘ಆದರೆ’. ಗುರುತು ಹಾಕಿದ್ದೇನೆ. ಪೀಠಿಕೆಯಲ್ಲೇ ‘ಆದ್ದರಿಂದ ಗಣಪತಿ ವಿಸರ್ಜನೆಗೆ ಬೇರೆ ಹೊಂಡ ಬೇಕು’ ಎಂದಿದ್ದೀ. ಪಿಒಪಿ ಮೂರ್ತಿ ನೀರಲ್ಲಿ ಬೇಗ ಕರಗುವುದಿಲ್ಲ, ಬಣ್ಣ ನೀರಿಗಿಳಿಯುತ್ತದೆ ಎಂದು ಮೊದಲು ಹೇಳದೆ ‘ಆದ್ದರಿಂದ’ ಎಲ್ಲಿಂದ ಬಂತು?

ಉಪಸಂಹಾರದಲ್ಲಿ ಕೆರೆ ಒತ್ತುವರಿ ಮೊದಲ ಬಾರಿಗೆ ಬಂದಿದೆ. ಅದು ಕಾರಣದ ಪ್ಯಾರಾಕ್ಕೆ ಹೋಗಲಿ. ಕೊನೆಯಲ್ಲಿ ಹೊಸ ವಿಷಯ ತೆಗೆದರೆ, ಬಾಗಿಲಲ್ಲಿ ನಿಂತು ಮತ್ತೆ ಮಾತು ಶುರು ಮಾಡಿದಂತೆ.

ಪರೀಕ್ಷೆಯಲ್ಲಿ ವಾಕ್ಯಕ್ಕೆ ಗುರುತು ಹಾಕುತ್ತ ಕೂಡಲು ಸಮಯ ಇರುವುದಿಲ್ಲ. ಆಗ ಬರೆಯುವ ಮೊದಲೇ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಹಿ, ಕಾ, ಪ, ಉ ಎಂದು ಕೆಳಗೆ ಕೆಳಗೆ ಬರೆದು, ಒಂದೊಂದರ ಮುಂದೆ ಎರಡು ಮೂರು ಪದ ಇಡು. ಐದು ನಿಮಿಷ ಸಾಕು. ಮುಗಿದ ಮೇಲೆ ಅದರ ಮೇಲೆ ಅಡ್ಡಗೆರೆ ಎಳೆದುಬಿಡು. ಎಲ್ಲ ವಿಷಯಕ್ಕೂ ಈ ನಾಲ್ಕೇ ಹೊಂದುವುದಿಲ್ಲ. ‘ನನ್ನ ಮೆಚ್ಚಿನ ಹಬ್ಬ’ದಂಥದ್ದು ಬಂದರೆ ಮುಂಚಿನ ತಯಾರಿ, ಹಬ್ಬದ ದಿನ, ಮರುದಿನ ಎಂದು ಕಾಲದ ಕ್ರಮ ಹಿಡಿ.

ಸೋಮವಾರ ಮೊದಲನೇ ಅವಧಿಗೆ ಮುಂಚೆ ತಂದುಕೊಡು. ಹಳೆಯ ಹಾಳಿಯನ್ನೂ ಪೆನ್ಸಿಲ್ ಗುರುತುಗಳ ಸಮೇತ ಜೋಡಿಸಿರು. ‘ಹಿ’ ಹಾಕಬೇಕೋ ‘ಕಾ’ ಹಾಕಬೇಕೋ ತಿಳಿಯದ ವಾಕ್ಯಕ್ಕೆ ಪ್ರಶ್ನಾರ್ಥಕ ಹಾಕಿಡು, ಕೂತು ನೋಡೋಣ.

ನಿನ್ನ
ಕನ್ನಡ ಟೀಚರ್