ಬಾಕಿ 3,78,000 ರೂಪಾಯಿಯನ್ನು ಕಂತುಗಳಲ್ಲಿ ತೀರಿಸುವ ಕುರಿತು ಪ್ರಸ್ತಾವ

ದಿನಾಂಕ: 12 ಜೂನ್ 2025

ಮಾನ್ಯ ಡಾಕ್ಟರಿಗೆ ನಮಸ್ಕಾರಗಳು.

ಕಳೆದ ಸೋಮವಾರ ಫೋನಿನಲ್ಲಿ ಮಾತನಾಡಿದಾಗ, ದಂತ ಚಿಕಿತ್ಸಾಲಯಕ್ಕೆಂದು ಕೇಳಿದ್ದ ಸಾಲದಲ್ಲಿ ಯಂತ್ರಗಳ ಭಾಗ ಮಾತ್ರ ಮಂಜೂರಾಗಿದೆ, ಮರಗೆಲಸದ ಬಾಕಿಯನ್ನು ಒಂದೇ ಸಲಕ್ಕೆ ಕೊಡುವುದು ಈಗ ಆಗದ ಮಾತು ಎಂದು ತಾವು ಮುಚ್ಚುಮರೆಯಿಲ್ಲದೆ ತಿಳಿಸಿದಿರಿ. ಎರಡು ತಿಂಗಳಿಂದ ನಾನು ಕೇಳುವುದು, ತಾವು ಮುಂದಿನ ವಾರವೆನ್ನುವುದು ನಡೆದೇ ಇತ್ತು. ಈ ಒಂದು ಮಾತಿನಿಂದ ವಿಷಯ ಒಂದು ದಾರಿಗೆ ಬಂದಂತಾಯಿತು. ಅದನ್ನು ಗಮನದಲ್ಲಿಟ್ಟುಕೊಂಡು, ಬಾಕಿಯನ್ನು ಕಂತುಗಳಲ್ಲಿ ತೀರಿಸುವ ಒಂದು ಏರ್ಪಾಡನ್ನು ಈ ಪತ್ರದಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಕ್ಷಮೆ ಕೇಳಬೇಕಿದೆ. ಮೇ ಕೊನೆಯಲ್ಲಿ ಡ್ರಾಯರಿನ ಚಾನೆಲ್ ಬದಲಿಸಲು ಬಂದಿದ್ದ ನಮ್ಮ ಮೇಸ್ತ್ರಿ, ಸ್ವಾಗತದ ಮೇಜಿನ ಮುಂದೆ ರೋಗಿಗಳು ಕುಳಿತಿರುವಾಗಲೇ ಬಾಕಿಯ ಮಾತೆತ್ತಿದರೆಂದು ತಿಳಿಯಿತು. ಅದು ನನ್ನ ಸೂಚನೆಯಲ್ಲ, ಆದರೂ ಹೊಣೆ ನನ್ನದೇ. ಇನ್ನು ಮುಂದೆ ಹಣದ ವಿಷಯವನ್ನು ನಾನು ತಮ್ಮೊಬ್ಬರ ಬಳಿಯೇ ಮಾತನಾಡುತ್ತೇನೆ. ಕೆಲಸಕ್ಕೆ ಬರುವವರು ಕೆಲಸ ಮಾಡಿ ಹೋಗುತ್ತಾರೆ.

ಲೆಕ್ಕ ಇಬ್ಬರ ಕಡೆಯಲ್ಲೂ ಒಂದೇ ಇರಬೇಕಾದ್ದರಿಂದ ಅದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಒಪ್ಪಂದದ ಪ್ರಕಾರ ಕೆಲಸದ ಮೊತ್ತ ತೆರಿಗೆಯೂ ಸೇರಿ 8,40,000 ರೂಪಾಯಿ. ಉಪಕರಣ ಶುದ್ಧೀಕರಣದ ಕೋಣೆಗೆ ನಂತರ ಸೇರಿಸಿದ ಗೋಡೆ ಕಪಾಟಿಗೆ 24,000 ರೂಪಾಯಿ, ಇದನ್ನು ತಾವು ಮೆಸೇಜಿನಲ್ಲಿ ಒಪ್ಪಿದ್ದೀರಿ. ಎರಡೂ ಸೇರಿ 8,64,000. ಮುಂಗಡವಾಗಿ 2,50,000, ಅರ್ಧ ಕೆಲಸ ಮುಗಿದಾಗ 2,30,000, ಒಟ್ಟು 4,80,000 ರೂಪಾಯಿ ನನಗೆ ಸಂದಿದೆ. ಉಳಿದದ್ದು 3,84,000. ಸ್ವಾಗತದ ಮೇಜಿನ ಅಂಚಿನಲ್ಲಿ ಲ್ಯಾಮಿನೇಟ್ ಚಕ್ಕೆ ಎದ್ದಿರುವುದನ್ನು ತಾವು ತೋರಿಸಿದ್ದು ನಿಜ. ಅದನ್ನು ಸರಿಪಡಿಸಲು ಇಡೀ ಹಲಗೆಯನ್ನೇ ತೆಗೆಯಬೇಕು, ಎರಡು ದಿನ ಚಿಕಿತ್ಸಾಲಯ ಮುಚ್ಚಬೇಕು. ಅದು ಬೇಡವೆಂದು ತಾವೇ ಹೇಳಿದ್ದರಿಂದ ಅದರ ಬಾಬ್ತು 6,000 ರೂಪಾಯಿಯನ್ನು ಕಳೆದಿದ್ದೇನೆ. ಹೀಗೆ ಇಂದಿನ ಬಾಕಿ 3,78,000 ರೂಪಾಯಿ. ಇದರಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಕಂಡರೂ ಒಪ್ಪಿಗೆ ಕೊಡುವ ಮೊದಲೇ ದಯವಿಟ್ಟು ತಿಳಿಸಿ. ಕಂತು ಶುರುವಾದ ಮೇಲೆ ಮೂಲ ಲೆಕ್ಕವನ್ನು ಕೆದಕುವುದು ಇಬ್ಬರಿಗೂ ತಲೆನೋವು.

"ಕೈಗೆ ಬಂದಾಗ ಬಂದಷ್ಟು ಕೊಡುತ್ತಾ ಹೋಗುತ್ತೇನೆ" ಎಂಬ ತಮ್ಮ ಸಲಹೆಯ ಬಗ್ಗೆ ನಾನು ಸಾಕಷ್ಟು ಯೋಚಿಸಿದೆ. ತಮ್ಮ ಮಾತಿನ ಮೇಲೆ ನನಗೆ ಅನುಮಾನವಿಲ್ಲ. ಆದರೆ ದಿನಾಂಕವಿಲ್ಲದ ಹಣವನ್ನು ನೆಚ್ಚಿಕೊಂಡು ನಾನು ಬಡಗಿಗಳಿಗೆ ವಾರದ ಬಟವಾಡೆಯ ಭರವಸೆ ಕೊಡಲಾರೆ. ಬಿಲ್ಲಿನ ಮೇಲಿನ ತೆರಿಗೆಯನ್ನೂ ನಾನು ಕೈಯಿಂದಲೇ ಆಗಲೇ ಕಟ್ಟಿದ್ದೇನೆ. ಮೊತ್ತ ಚಿಕ್ಕದಾದರೂ ಇಂಥ ದಿನ ಬರುತ್ತದೆ ಎಂದು ಗೊತ್ತಿದ್ದರೆ ನಾನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲೆ. ಸಾಲದ ಉಳಿದ ಭಾಗ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಕೊಡುವ ಇನ್ನೊಂದು ಸಲಹೆಯೂ ಇದೇ ಕಾರಣಕ್ಕೆ ನನಗೆ ಕಷ್ಟ. ಬ್ಯಾಂಕು ಯಾವಾಗ ತೀರ್ಮಾನಿಸುತ್ತದೆ ಎಂಬುದು ತಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ಆದ್ದರಿಂದ ನನ್ನ ಪ್ರಸ್ತಾವ ಹೀಗಿದೆ. ಜೂನ್ 20ರೊಳಗೆ ಮೊದಲ ಪಾವತಿಯಾಗಿ 78,000 ರೂಪಾಯಿ ಕೊಡಬೇಕು. ಈ ಅಂಕಿ ಎಲ್ಲಿಂದ ಬಂತೆಂದರೆ, ತಮ್ಮ ಕೆಲಸಕ್ಕಾಗಿ ತಂದ ಪ್ಲೈವುಡ್ಡಿನ ಬಾಬ್ತು ನಾನು ಅಂಗಡಿಗೆ ಇನ್ನೂ ಕೊಡಬೇಕಾಗಿರುವುದು ಹೆಚ್ಚುಕಡಿಮೆ ಅಷ್ಟೇ; ಅದೊಂದು ತೀರಿದರೆ ಉಳಿದದ್ದಕ್ಕೆ ನಾನು ಕಾಯಬಲ್ಲೆ. ಉಳಿಯುವ 3,00,000 ರೂಪಾಯಿಯನ್ನು ಎಂಟು ತಿಂಗಳ ಕಂತುಗಳಲ್ಲಿ ಕೊಡಬಹುದು:

2025ರ ಜುಲೈ, ಆಗಸ್ಟ್, ಸೆಪ್ಟೆಂಬರ್ ಮತ್ತು ಅಕ್ಟೋಬರ್ 10ರಂದು ತಲಾ 30,000 ರೂಪಾಯಿ, ಒಟ್ಟು 1,20,000.

2025ರ ನವೆಂಬರ್, ಡಿಸೆಂಬರ್, 2026ರ ಜನವರಿ ಮತ್ತು ಫೆಬ್ರವರಿ 10ರಂದು ತಲಾ 45,000 ರೂಪಾಯಿ, ಒಟ್ಟು 1,80,000.

ಎಲ್ಲ ಕಂತುಗಳನ್ನೂ ಸಮನಾಗಿ ಹಂಚದೆ ಮೊದಲ ನಾಲ್ಕನ್ನು ಚಿಕ್ಕದಾಗಿ ಇಟ್ಟಿರುವುದು ಬೇಕೆಂದೇ. ಚಿಕಿತ್ಸಾಲಯ ತೆರೆದು ಇನ್ನೂ ಮೂರು ತಿಂಗಳಾಗುತ್ತಿದೆ, ರೋಗಿಗಳ ಸಂಖ್ಯೆ ನಿಧಾನವಾಗಿ ಏರುತ್ತಿದೆ ಎಂದು ತಾವು ಹೇಳಿದ್ದಿರಿ. ಈಗಲೇ ದೊಡ್ಡ ಕಂತು ಹೇರಿ ಎರಡನೇ ತಿಂಗಳಲ್ಲೇ ಅದು ತಪ್ಪುವುದಕ್ಕಿಂತ, ತಪ್ಪದಷ್ಟು ಚಿಕ್ಕದಾಗಿ ಶುರುಮಾಡುವುದೇ ಲೇಸೆಂದು ನನ್ನ ಲೆಕ್ಕ. 10ನೇ ತಾರೀಖನ್ನು ಆರಿಸಿದ್ದಕ್ಕೂ ಕಾರಣವಿದೆ: ಬಾಡಿಗೆ, ಸಿಬ್ಬಂದಿಯ ಸಂಬಳ, ಯಂತ್ರದ ಸಾಲದ ಕಂತು ಮೂರೂ ಮೊದಲ ವಾರದಲ್ಲೇ ಹೋಗುತ್ತವೆ ಎಂದು ತಾವು ತಿಳಿಸಿದ್ದಿರಿ. ಬೇರೆ ತಾರೀಖು ಅನುಕೂಲವಾದರೆ ಹೇಳಿ. ತಿಂಗಳ 15 ದಾಟದಿದ್ದರೆ ನನಗೆ ಅಭ್ಯಂತರವಿಲ್ಲ.

ಬಡ್ಡಿಯ ವಿಷಯ. ನಮ್ಮ ಒಪ್ಪಂದದಲ್ಲಿ ಬಿಲ್ಲಿನ ದಿನಾಂಕದಿಂದ ಮೂವತ್ತು ದಿನಗಳ ನಂತರ ತಿಂಗಳಿಗೆ ಶೇಕಡಾ 1.5ರಂತೆ ತಡಪಾವತಿ ಶುಲ್ಕವಿದೆ. ಬಿಲ್ಲು ಮಾರ್ಚ್ 20ರದ್ದು, ಗಡುವು ಏಪ್ರಿಲ್ 19ಕ್ಕೆ ಮುಗಿದಿದೆ. ಅಲ್ಲಿಂದ ಈ ಜೂನ್ 19ರವರೆಗಿನ ಎರಡು ತಿಂಗಳಿಗೆ 3,78,000 ರೂಪಾಯಿಯ ಮೇಲೆ 11,340 ರೂಪಾಯಿ ಆಗುತ್ತದೆ. ತಾವು ಈ ಏರ್ಪಾಡಿಗೆ ಒಪ್ಪಿ ಮೊದಲ ಪಾವತಿ ಮಾಡಿದರೆ ಅದನ್ನು ಪೂರ್ತಿಯಾಗಿ ಬಿಡುತ್ತೇನೆ. ಮುಂದೆಯೂ ಕಂತುಗಳು ಸಮಯಕ್ಕೆ ಬರುವವರೆಗೆ ಬಾಕಿಯ ಮೇಲೆ ಯಾವ ಬಡ್ಡಿಯೂ ಇಲ್ಲ. ಹೇಳಿದ ದಿನದಿಂದ ಏಳು ದಿನ ಮೀರಿದರೆ, ತಪ್ಪಿದ ಕಂತಿನ ಮೇಲೆ ಮಾತ್ರ ಅದೇ ದರದ ಶುಲ್ಕ ಬೀಳುತ್ತದೆ, ಇಡೀ ಬಾಕಿಯ ಮೇಲಲ್ಲ: 30,000ದ ಕಂತಾದರೆ ತಿಂಗಳಿಗೆ 450 ರೂಪಾಯಿ, 45,000ದ ಕಂತಾದರೆ 675. ಬಂದ ಹಣವನ್ನು ಮೊದಲು ಅಸಲಿಗೇ ಜಮಾ ಮಾಡುತ್ತೇನೆ. ಶುಲ್ಕವೇನಾದರೂ ಇದ್ದರೆ ಅದನ್ನು ಕೊನೆಯಲ್ಲಿ ನೋಡೋಣ.

ಎಂಟು ತಿಂಗಳಲ್ಲಿ ಒಂದಾದರೂ ತಿಂಗಳು ಕೈ ಬಿಗಿಯಾಗುವುದು ಸಹಜ. ಅದಕ್ಕಾಗಿ ಒಂದು ಕಂತನ್ನು, ಒಂದೇ ಒಂದು ಸಲ, ಮುಂದೂಡುವ ಅವಕಾಶ ಇಟ್ಟಿದ್ದೇನೆ. ಐದು ದಿನ ಮೊದಲು ಒಂದು ಮೆಸೇಜ್ ಕಳಿಸಿದರೆ ಸಾಕು, ಕಾರಣ ವಿವರಿಸಬೇಕಿಲ್ಲ. ಆ ಕಂತನ್ನು ಶುಲ್ಕವಿಲ್ಲದೆ 2026ರ ಮಾರ್ಚ್ 10ರಂದು ಕೊಡಬಹುದು. ಆದರೆ ಮಾಹಿತಿಯಿಲ್ಲದೆ ಎರಡು ಕಂತುಗಳು ಒಂದರ ಹಿಂದೊಂದು ತಪ್ಪಿದರೆ ಈ ಏರ್ಪಾಡು ಅಲ್ಲಿಗೆ ಮುಗಿಯುತ್ತದೆ, ಅಂದು ಉಳಿದಿರುವ ಅಸಲು ಪೂರ್ತಿಯಾಗಿ ಒಮ್ಮೆಗೇ ಕೊಡಬೇಕಾಗುತ್ತದೆ, ಮತ್ತು ಮೂಲ ಒಪ್ಪಂದದ ಪ್ರಕಾರ ನನಗಿರುವ ಹಕ್ಕುಗಳನ್ನು ನಾನು ಬಳಸಬೇಕಾಗುತ್ತದೆ. ಈ ಮಾತು ಬರೆಯಲು ನನಗೆ ಇಷ್ಟವಿಲ್ಲ. ಬರೆಯದೆ ಬಿಟ್ಟು ಆಮೇಲೆ ಹೇಳುವುದು ಅದಕ್ಕಿಂತ ಕೆಟ್ಟದ್ದು. ಈ ಪತ್ರ ಪಾವತಿಯ ದಿನಾಂಕಗಳನ್ನಷ್ಟೇ ಬದಲಿಸುತ್ತದೆ, ಒಪ್ಪಂದದ ಉಳಿದ ಷರತ್ತುಗಳು ಇದ್ದ ಹಾಗೆಯೇ ಇರುತ್ತವೆ.

ಸಾಲ ಬೇಗ ಮಂಜೂರಾಗಿ ತಾವು ಬಾಕಿಯನ್ನು ಮೊದಲೇ ತೀರಿಸುವುದಾದರೆ ಸಂತೋಷ. ಮೊದಲ ನಾಲ್ಕು ಕಂತುಗಳು ಮುಗಿದು, ಉಳಿದ 1,80,000 ರೂಪಾಯಿಯನ್ನು ನವೆಂಬರ್ 10ರೊಳಗೆ ಒಟ್ಟಿಗೆ ಕೊಟ್ಟರೆ ಅದರಲ್ಲಿ ಶೇಕಡಾ 2, ಅಂದರೆ 3,600 ರೂಪಾಯಿ ಬಿಟ್ಟು 1,76,400 ರೂಪಾಯಿಗೆ ಲೆಕ್ಕ ಚುಕ್ತಾ ಮಾಡುತ್ತೇನೆ.

ಪಾವತಿಗೆ ಮುಂದಿನ ದಿನಾಂಕ ಹಾಕಿದ ಎಂಟು ಚೆಕ್ಕುಗಳನ್ನು ಕೊಡುವುದಾಗಿ ತಾವು ಹೇಳಿದ್ದಿರಿ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಒಂದು ಚೆಕ್ಕು ವಾಪಸಾದರೂ ಬ್ಯಾಂಕು ಇಬ್ಬರಿಗೂ ದಂಡ ಹಾಕುತ್ತದೆ, ಜೊತೆಗೆ ಚಿಕ್ಕ ತಡವೊಂದು ದೊಡ್ಡ ರಂಪವಾಗಿಬಿಡುತ್ತದೆ. ಅದರ ಬದಲು ತಮ್ಮ ಬ್ಯಾಂಕಿನಲ್ಲಿ ಪ್ರತಿ ತಿಂಗಳ 10ರಂದು ಹಣ ತಾನಾಗಿಯೇ ವರ್ಗಾವಣೆಯಾಗುವಂತೆ ಸೂಚನೆ ಕೊಟ್ಟಿಡಿ; ನವೆಂಬರಿನಿಂದ ಮೊತ್ತ ಬದಲಾಗುವುದರಿಂದ ಎರಡು ಸೂಚನೆಗಳು ಬೇಕಾಗುತ್ತವೆ. ಖಾತೆಯ ವಿವರ ಮಾರ್ಚ್ 20ರ ಬಿಲ್ಲಿನ ಕೆಳಗಿದೆ, ಅದು ಬದಲಾಗಿಲ್ಲ. ಬೇರೆ ಖಾತೆಯ ಸಂಖ್ಯೆ ಕೊಟ್ಟು ನನ್ನ ಹೆಸರಿನಲ್ಲಿ ಯಾರಾದರೂ ಸಂದೇಶ ಕಳಿಸಿದರೆ ಹಣ ಹಾಕುವ ಮೊದಲು ನನಗೊಂದು ಕರೆ ಮಾಡಿ. ಪ್ರತಿ ಕಂತಿಗೂ ಎರಡು ದಿನದೊಳಗೆ ರಸೀದಿ ಕಳಿಸುತ್ತೇನೆ, ಅದರಲ್ಲಿ ಬಂದ ಮೊತ್ತದ ಜೊತೆಗೆ ಉಳಿದ ಬಾಕಿಯೂ ಇರುತ್ತದೆ.

ಕಂತಿನಲ್ಲಿ ಕೊಡುತ್ತಿದ್ದಾರೆಂದು ನಮ್ಮ ಸೇವೆಯಲ್ಲಿ ಕಡಿಮೆಯಾಗುವುದಿಲ್ಲ. ಕೆಲಸ ಒಪ್ಪಿಸಿದ ಮಾರ್ಚ್ 15ರಿಂದ ಒಂದು ವರ್ಷ, ಕೀಲು, ಬೀಗ, ಚಾನೆಲ್ಲುಗಳ ದುರಸ್ತಿ ನಮ್ಮದೇ ಖರ್ಚಿನಲ್ಲಿ ನಡೆಯುತ್ತದೆ. ಎರಡನೇ ಚಿಕಿತ್ಸಾ ಕೋಣೆಯ ಕೆಳಗಿನ ಡ್ರಾಯರ್ ಇನ್ನೂ ಪೂರ್ತಿ ಮುಚ್ಚುತ್ತಿಲ್ಲವೆಂದು ಹೇಳಿದ್ದಿರಿ. ತಮ್ಮ ಉತ್ತರ ಏನೇ ಇರಲಿ, ಈ ಶನಿವಾರ ಮಧ್ಯಾಹ್ನ ಚಿಕಿತ್ಸಾಲಯ ಖಾಲಿಯಿರುವ ಹೊತ್ತಿಗೆ ಬಡಗಿಯನ್ನು ಕಳಿಸುತ್ತೇನೆ.

ಮೇಲಿನ ಮೊತ್ತಗಳು ತಮಗೆ ಭಾರವೆನಿಸಿದರೆ ಒಪ್ಪಿಕೊಂಡು ಆಮೇಲೆ ಕಷ್ಟಪಡಬೇಡಿ, ಈಗಲೇ ಹೇಳಿ. ಮೊದಲ ಪಾವತಿಯನ್ನು ಕಡಿಮೆ ಮಾಡುವುದು ನನ್ನಿಂದಾಗದು. ಆದರೆ ಮೊದಲ ನಾಲ್ಕು ಕಂತುಗಳನ್ನು 25,000ಕ್ಕೆ ಇಳಿಸಿ, ಹಾಗೆ ಉಳಿಯುವ 20,000 ರೂಪಾಯಿಯನ್ನು 2026ರ ಮಾರ್ಚ್ 10ರ ಒಂಬತ್ತನೇ ಕಂತಾಗಿ ಸೇರಿಸಬಹುದು. ಆಗ ಕಂತು ಮುಂದೂಡುವ ಅವಕಾಶವನ್ನು ಬಳಸಿದರೆ ಅದು ಏಪ್ರಿಲ್ 10ಕ್ಕೆ ಹೋಗುತ್ತದೆ. ಅದಕ್ಕಿಂತ ಆಚೆ ಎಳೆಯಲು ನನಗೆ ಶಕ್ತಿಯಿಲ್ಲ.

ತಮ್ಮ ಉತ್ತರವನ್ನು ಜೂನ್ 18ರೊಳಗೆ ಬರವಣಿಗೆಯಲ್ಲಿ ಕೊಡಬೇಕೆಂದು ಕೋರುತ್ತೇನೆ. ದೊಡ್ಡ ಕರಾರುಪತ್ರವೇನೂ ಬೇಡ. "12 ಜೂನ್ 2025ರ ಪತ್ರದಲ್ಲಿರುವಂತೆ 3,78,000 ರೂಪಾಯಿ ಬಾಕಿ ಇರುವುದನ್ನೂ ಅದನ್ನು ತೀರಿಸುವ ಕಂತುಗಳನ್ನೂ ಒಪ್ಪಿದ್ದೇನೆ" ಎಂದು ಇಮೇಲಿನಲ್ಲಿ ಬರೆದರೆ ಸಾಕು, ಅಥವಾ ಇದರೊಂದಿಗಿರುವ ಎರಡನೇ ಪ್ರತಿಗೆ ಸಹಿ ಮಾಡಿ ಶನಿವಾರ ಬರುವ ಬಡಗಿಯ ಕೈಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದು. ಯಾವುದಾದರೂ ಷರತ್ತಿನ ಬಗ್ಗೆ ಮಾತನಾಡಬೇಕೆನಿಸಿದರೆ ಸಂಜೆ ಏಳರ ಮೇಲೆ ಕರೆ ಮಾಡಿ, ಆ ಹೊತ್ತಿಗೆ ಕಾರ್ಖಾನೆಯ ಗರಗಸ ನಿಂತಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಳಾಂಗಣ ಮರಗೆಲಸದ ಗುತ್ತಿಗೆದಾರ

ಲಗತ್ತು: ಮಾರ್ಚ್ 20ರ ಬಿಲ್ಲಿನ ಪ್ರತಿ, ಈ ಪತ್ರದ ಎರಡನೇ ಪ್ರತಿ